ಐವತ್ತು ಪದಗಳ ಪರಿಚಯ: ಯಾವುದು ಉಳಿಯಬೇಕು?

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ ಸುತ್ತಿನ ಹಳ್ಳಿಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಈಗ ಮನೆಯೊಳಗಿನ ಹೊದಿಕೆಯಾಗಿ ಮಾತ್ರ ಉಳಿದಿಲ್ಲ. ಜವಳಿ ಕಲೆ, ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನದ ವಿಚಾರ ಸಂಕಿರಣಗಳಲ್ಲಿ ಅದು ವಿಷಯವಾಗುತ್ತದೆ. ಅದನ್ನು ಹೊಲಿಯುವವರೂ ಒಮ್ಮೊಮ್ಮೆ ವೇದಿಕೆಗೆ ಬರುತ್ತಾರೆ. ಆಗ ಕಾರ್ಯಕ್ರಮದ ಪುಸ್ತಿಕೆಯಲ್ಲಿ ಪ್ರತಿ ಉಪನ್ಯಾಸಕರಿಗೂ ಒಂದು ಚೌಕ ಇರುತ್ತದೆ: ಫೋಟೋ, ಹೆಸರು, ಐವತ್ತು ಪದಗಳ ಪರಿಚಯ. ಪ್ರಾಧ್ಯಾಪಕರ ಚೌಕ ಪದವಿ, ಹುದ್ದೆ, ಗ್ರಂಥಗಳಿಂದ ತುಂಬಿ ತುಳುಕುತ್ತದೆ. ಪಕ್ಕದ ಚೌಕದಲ್ಲಿ ಕವಂದಿ ಹೊಲಿಯುವಾಕೆಯ ಹೆಸರಿನ ಕೆಳಗೆ ‘ಸಿದ್ದಿ ಸಮುದಾಯದ ಮಹಿಳೆ’ ಎಂಬ ಮೂರೇ ಪದ ಇರುತ್ತದೆ. ಇಂಥ ಪುಟಗಳನ್ನು ನಾನು ಸಾಕಷ್ಟು ನೋಡಿದ್ದೇನೆ, ಪ್ರತಿ ಸಲವೂ ಬೇಸರವಾಗಿದೆ. ಆ ಗೋಷ್ಠಿಯ ವಿಷಯದಲ್ಲಿ ಅತಿ ಹೆಚ್ಚು ಅನುಭವ ಇರುವುದು ಆಕೆಗೇ.

ಇದು ಸಂಘಟಕರ ಕೆಟ್ಟತನದಿಂದ ಆಗುವುದಲ್ಲ. ಪರಿಚಯ ಎಂದರೆ ಪದವಿ, ಹುದ್ದೆ, ಪ್ರಶಸ್ತಿ ಎಂಬ ಅಚ್ಚು ನಮ್ಮ ತಲೆಯಲ್ಲಿ ಕೂತಿದೆ. ಆ ಅಚ್ಚಿಗೆ ಒಬ್ಬರ ಬದುಕು ಹೊಂದದಿದ್ದರೆ ಬರೆಯಲು ಏನೂ ಇಲ್ಲ ಎನಿಸಿಬಿಡುತ್ತದೆ. ಅಚ್ಚಿಗೆ ಪೂರ್ತಿ ಹೊಂದುವವರ ಪರಿಚಯವೂ ಇದೇ ಕಾರಣಕ್ಕೆ ಕೆಡುತ್ತದೆ, ಏಕೆಂದರೆ ಅಲ್ಲಿ ಇರುವುದೆಲ್ಲವನ್ನೂ ತುರುಕಲಾಗುತ್ತದೆ. ಎರಡಕ್ಕೂ ಮದ್ದು ಒಂದೇ. ಪರಿಚಯಕ್ಕೆ ಕೈ ಹಾಕುವ ಮೊದಲು ಆ ವ್ಯಕ್ತಿ ಏನು ಮಾತಾಡಲಿದ್ದಾರೆ ಎಂಬ ಶೀರ್ಷಿಕೆಯನ್ನು ಹಾಳೆಯ ಮೇಲ್ಗಡೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ಅವರ ಬದುಕಿನ ಪ್ರತಿಯೊಂದು ಸಂಗತಿಗೂ ಒಂದೇ ಪ್ರಶ್ನೆ ಹಾಕಬೇಕು: ಈ ವಿಷಯವನ್ನು ಇವರ ಬಾಯಿಂದ ಏಕೆ ಕೇಳಬೇಕು ಎಂಬುದಕ್ಕೆ ಇದು ಉತ್ತರ ಕೊಡುತ್ತದೆಯೇ? ಕೊಡುವುದು ಉಳಿಯುತ್ತದೆ. ಕೊಡದಿರುವುದು ಎಷ್ಟೇ ದೊಡ್ಡದಿರಲಿ, ಹೊರಗೆ ಹೋಗುತ್ತದೆ.

ಒಂದು ಮಾದರಿ ಇಟ್ಟುಕೊಂಡು ಇದನ್ನು ಮಾಡಿ ನೋಡೋಣ. ಕೆಳಗಿನ ಬರಹ ಯಾವುದೇ ಒಬ್ಬ ವ್ಯಕ್ತಿಯದಲ್ಲ. ಇಂಥ ಟಿಪ್ಪಣಿಗಳು ಸಾಮಾನ್ಯವಾಗಿ ಹೇಗಿರುತ್ತವೋ ಹಾಗೆ ನಾನೇ ಕಟ್ಟಿದ್ದು. ಹೆಸರಿನ ಜಾಗದಲ್ಲಿ ಗೆರೆ ಎಳೆದಿದ್ದೇನೆ. ಸಾಂಬ್ರಾಣಿ ಕಡೆಯ ಒಬ್ಬ ಕವಂದಿ ಹೊಲಿಯುವಾಕೆ ಹೇಳಿದ್ದನ್ನು ಊರಿನ ಶಿಕ್ಷಕರೊಬ್ಬರು ಬರೆದು ಸಂಘಟಕರಿಗೆ ಕಳಿಸಿದ್ದಾರೆ ಎಂದುಕೊಳ್ಳಿ. ಆಕೆಯ ಮಾತಿನ ವಿಷಯ ‘ಕವಂದಿ ಹೊಲಿಗೆ: ಕ್ರಮ ಮತ್ತು ಕಲಿಕೆ’.

“ನನ್ನ ಹೆಸರು ——. ಉತ್ತರ ಕನ್ನಡ ಜಿಲ್ಲೆ ಹಳಿಯಾಳ ತಾಲ್ಲೂಕು ಸಾಂಬ್ರಾಣಿ ಹತ್ತಿರದ ಹಳ್ಳಿಯವಳು. ನಾವು ಸಿದ್ದಿ ಜನ. ನಾಲ್ಕನೇ ಇಯತ್ತೆವರೆಗೆ ಓದಿದ್ದೇನೆ. ಇಬ್ಬರು ಮಕ್ಕಳು, ದೊಡ್ಡವ ದಾಂಡೇಲಿಯಲ್ಲಿ ಕೆಲಸಕ್ಕಿದ್ದಾನೆ. ಹನ್ನೆರಡು ವರ್ಷದವಳಿದ್ದಾಗ ಅಜ್ಜಿ ಜೊತೆ ಕೂತು ಕವಂದಿ ಹೊಲಿಯುವುದು ಕಲಿತೆ. ಈಗ ನಲವತ್ತು ವರ್ಷವಾಯಿತು, ಹೊಲಿಯುತ್ತಲೇ ಇದ್ದೇನೆ. ತೊಟ್ಟಿಲ ಕೂಸಿಗೆ ಹೊದಿಸುವ ಸಣ್ಣದರಿಂದ ಹಿಡಿದು ಮನೆಮಂದಿಯೆಲ್ಲ ಹೊದೆಯುವ ದೊಡ್ಡದರವರೆಗೂ ಹೊಲಿಯುತ್ತೇನೆ. ಗದ್ದೆ ಕೆಲಸಕ್ಕೂ ಹೋಗುತ್ತೇನೆ. ನಮ್ಮೂರ ಸ್ವಸಹಾಯ ಸಂಘಕ್ಕೆ ಮೂರು ವರ್ಷ ಅಧ್ಯಕ್ಷೆಯಾಗಿದ್ದೆ. ಊರಿನ ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ, ಇಲ್ಲಿಯವರೆಗೆ ಹದಿನೈದು ಮಂದಿ ಕಲಿತಿದ್ದಾರೆ. ನನ್ನ ಕವಂದಿಗಳನ್ನು ಹಳಿಯಾಳ, ಧಾರವಾಡ, ಬೆಂಗಳೂರಿನ ಪ್ರದರ್ಶನಗಳಿಗೆ ಒಯ್ದಿದ್ದಾರೆ. ಶಾಲೆಯ ಕಾರ್ಯಕ್ರಮದಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ಡಮಾಮಿ ಕುಣಿತಕ್ಕೆ ಹಾಡುತ್ತೇನೆ.”

ಇದು ಎಂಬತ್ತು ಪದಗಳ ಹತ್ತಿರ ಬರುತ್ತದೆ. ಮೊದಲು ಸುಲಭವಾಗಿ ಹೋಗುವುದನ್ನು ತೆಗೆಯೋಣ. ಮಕ್ಕಳ ಸಂಗತಿ, ಗದ್ದೆ ಕೆಲಸ, ಸಂಘದ ಅಧ್ಯಕ್ಷಗಿರಿ, ಹಾಡು, ಇವು ಯಾವುವೂ ಹೊಲಿಗೆಯ ಕ್ರಮದ ಬಗ್ಗೆ ಕೇಳುಗರಿಗೆ ಭರವಸೆ ಕೊಡುವುದಿಲ್ಲ. ಶಾಲೆಯ ಸನ್ಮಾನ ಆಕೆಗೆ ಹೆಮ್ಮೆಯದು, ಆದರೆ ಯಾವುದಕ್ಕಾಗಿ ಎಂದು ಹೇಳದ ಸನ್ಮಾನ ಓದುಗರಿಗೆ ಏನನ್ನೂ ತಿಳಿಸದು. ನಾಲ್ಕನೇ ಇಯತ್ತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಅದನ್ನು ಬಹಳ ಸಂಘಟಕರು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಓದಿಲ್ಲದಿದ್ದರೂ ಎಂಥ ಸಾಧನೆ ಎಂದು ಎತ್ತಿ ತೋರಿಸುವ ಉದ್ದೇಶ ಅವರದು. ನನಗದು ಒಪ್ಪಿಗೆಯಾಗುವುದಿಲ್ಲ. ಪಕ್ಕದ ಪ್ರಾಧ್ಯಾಪಕರ ಪರಿಚಯದಲ್ಲಿ ಅವರಿಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ ಎಂದು ಯಾರೂ ಬರೆಯುವುದಿಲ್ಲ. ಇಲ್ಲದ್ದನ್ನು ಒಬ್ಬರಿಗೆ ಮಾತ್ರ ಹೇಳಿ ಇನ್ನೊಬ್ಬರಿಗೆ ಬಿಟ್ಟರೆ ಅದು ಪರಿಚಯವಲ್ಲ. ಓದಿನ ಸಂಗತಿ ಹೋಗಲಿ.

ಈಗ ಉಳಿದದ್ದನ್ನು ನೋಡಿ. ಯಾರಿಂದ ಕಲಿತರು, ಯಾವ ವಯಸ್ಸಿನಲ್ಲಿ, ಎಷ್ಟು ವರ್ಷದ ಕೆಲಸ, ಯಾವ ಯಾವ ಬಗೆಯವು, ಎಷ್ಟು ಜನರಿಗೆ ಕಲಿಸಿದ್ದಾರೆ, ಕೆಲಸ ಎಲ್ಲಿ ಪ್ರದರ್ಶನಗೊಂಡಿದೆ. ಕೈಕಸುಬಿನವರಿಗೆ ಇವೇ ಪದವಿ, ಇವೇ ಪ್ರಮಾಣಪತ್ರ. ಅಜ್ಜಿಯಿಂದ ಕಲಿತರು ಎಂಬ ಎರಡು ಪದ ಈ ಗೋಷ್ಠಿಯಲ್ಲಿ ತುಂಬ ಭಾರವಾದದ್ದು. ಕವಂದಿಯ ಕಲಿಕೆ ಮನೆಯೊಳಗೆ ಹಿರಿಯ ಹೆಂಗಸರಿಂದ ಕಿರಿಯರಿಗೆ ಹೋಗುವಂಥದ್ದು, ಆಕೆಯ ಮಾತಿನ ವಿಷಯವೂ ಕಲಿಕೆಯೇ. ಎಲ್ಲ ಅಳತೆಗಳನ್ನೂ ಹೊಲಿಯುತ್ತಾರೆ ಎಂಬುದಕ್ಕೂ ತೂಕವಿದೆ. ಕವಂದಿ ಹಳೆ ಸೀರೆ, ಬಟ್ಟೆಗಳ ತುಂಡುಗಳಿಂದ ಆಗುವುದು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿನತ್ತ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫುಲಾ’ ಇಡದೆ ಕೆಲಸ ಮುಗಿಯಿತು ಎನ್ನುವುದಿಲ್ಲ. ಅಂಗೈಯಗಲದ ತುಂಡುಗಳನ್ನು ಹೊಂದಿಸುತ್ತ ದೊಡ್ಡ ಹೊದಿಕೆಯನ್ನು ಎಲ್ಲೂ ಸುಕ್ಕಾಗದಂತೆ ನಡುವಿಗೆ ತರುವುದು ತೊಟ್ಟಿಲ ಹೊದಿಕೆಯಷ್ಟು ಸುಲಭವಲ್ಲ. ಇದನ್ನು ಬಲ್ಲ ಕೇಳುಗರಿಗೆ ಆ ಸಾಲು ಬಹಳ ಹೇಳುತ್ತದೆ.

ಸಂಕ್ಷಿಪ್ತಗೊಳಿಸಿದ ಪರಿಚಯ ಹೀಗಾಗುತ್ತದೆ:

“—— —— ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ ಸಮೀಪದ ಸಿದ್ದಿ ಸಮುದಾಯದ ಕವಂದಿ ಕಲಾವಿದೆ. ಹನ್ನೆರಡನೇ ವಯಸ್ಸಿನಲ್ಲಿ ಅಜ್ಜಿಯಿಂದ ಕಲಿತು, ನಲವತ್ತು ವರ್ಷಗಳಿಂದ ಹೊಲಿಯುತ್ತಿದ್ದಾರೆ. ತೊಟ್ಟಿಲ ಕೂಸಿನ ಹೊದಿಕೆಯಿಂದ ಮನೆಮಂದಿ ಹೊದೆಯುವ ದೊಡ್ಡ ಕವಂದಿಯವರೆಗೆ ಎಲ್ಲ ಅಳತೆಗಳಲ್ಲೂ ಇವರ ಕೈ ಪಳಗಿದೆ. ಊರಿನ ಹದಿನೈದು ಹೆಣ್ಣುಮಕ್ಕಳಿಗೆ ಈ ಕಲೆಯನ್ನು ಕಲಿಸಿದ್ದಾರೆ. ಇವರ ಕವಂದಿಗಳು ಹಳಿಯಾಳ, ಧಾರವಾಡ, ಬೆಂಗಳೂರಿನ ಪ್ರದರ್ಶನಗಳಿಗೆ ಹೋಗಿವೆ.”

ಹೆಸರನ್ನು ಎರಡು ಪದ ಎಂದು ಹಿಡಿದರೆ ಇದು ನಲವತ್ತೆರಡು ಪದ. ಇನ್ನೂ ಎಂಟು ಪದಕ್ಕೆ ಜಾಗವಿದೆ. ಅದನ್ನು ತುಂಬಬೇಕಾಗಿಲ್ಲ. ಐವತ್ತು ಎಂಬುದು ದಾಟಬಾರದ ಗಡಿ, ಮುಟ್ಟಲೇಬೇಕಾದ ಗುರಿಯಲ್ಲ. ತುಂಬಲು ಹೊರಟವರು ಸಾಮಾನ್ಯವಾಗಿ ‘ಹಲವಾರು ಪ್ರಶಸ್ತಿಗಳಿಗೆ ಭಾಜನರಾಗಿದ್ದಾರೆ’ ಎಂಬಂಥ ಸಾಲಿಗೆ ಹೋಗುತ್ತಾರೆ. ಯಾವ ಪ್ರಶಸ್ತಿ ಎಂದು ಹೇಳಲಾಗದಿದ್ದರೆ ಆ ಸಾಲು ಇರಬಾರದು. ‘ಖ್ಯಾತ’, ‘ಹೆಸರಾಂತ’, ‘ಅಪ್ರತಿಮ’ ಎಂಬ ಪದಗಳಿಗೂ ಇದೇ ಮಾತು. ನಲವತ್ತು ವರ್ಷ, ಹದಿನೈದು ಮಂದಿ ಎಂದು ಹೇಳಿದ ಮೇಲೆ ‘ನುರಿತ’ ಎಂಬ ಪದ ಕೂಡ ಬೇಕಾಗುವುದಿಲ್ಲ.

‘ನಾನು’ ಇರುವ ಬರಹವನ್ನು ಪ್ರಥಮ ಪುರುಷಕ್ಕೆ ತಿರುಗಿಸುವುದು ಕ್ರಿಯಾಪದ ಬದಲಿಸಿದಷ್ಟಕ್ಕೆ ಮುಗಿಯುವುದಿಲ್ಲ. ಕನ್ನಡದಲ್ಲಿ ಇಲ್ಲೇ ಹೆಚ್ಚು ಎಡವುವುದು. ‘ನಮ್ಮೂರು’ ಎಂಬುದು ಹಾಗೆಯೇ ಉಳಿದುಬಿಟ್ಟರೆ ಅದು ಸಂಘಟಕರ ಊರಾಗಿಬಿಡುತ್ತದೆ. ‘ಇಲ್ಲಿ’, ‘ಈಗ’, ‘ಹೋದ ವರ್ಷ’ ಇವೆಲ್ಲ ಹೇಳುವವರ ಜಾಗ ಮತ್ತು ಕಾಲಕ್ಕೆ ಕಟ್ಟಿಕೊಂಡ ಪದಗಳು. ಅವುಗಳ ಬದಲು ಊರಿನ ಹೆಸರು, ಇಸವಿ ಬರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗೌರವದ ಬಹುವಚನ. ಟಿಪ್ಪಣಿ ಬರೆದುಕೊಂಡವರು ಅವಸರದಲ್ಲಿ ‘ಕಲಿತಳು’, ‘ಹೊಲಿಯುತ್ತಾಳೆ’ ಎಂದು ಬರೆದಿರುತ್ತಾರೆ. ಅದು ಹಾಗೆಯೇ ಅಚ್ಚಿಗೆ ಹೋಗುತ್ತದೆ. ಅದೇ ಪುಟದಲ್ಲಿ ಪ್ರಾಧ್ಯಾಪಕರು ‘ಸೇವೆ ಸಲ್ಲಿಸುತ್ತಿದ್ದಾರೆ’. ಒಂದು ಪುಸ್ತಿಕೆಯಲ್ಲಿ ಎಲ್ಲ ಉಪನ್ಯಾಸಕರಿಗೂ ಒಂದೇ ಗೌರವ ಇರಬೇಕು, ಎಲ್ಲರಿಗೂ ‘ಇವರು’, ಎಲ್ಲರ ಕ್ರಿಯಾಪದವೂ ಬಹುವಚನದಲ್ಲಿ. ಅಚ್ಚಿಗೆ ಕಳಿಸುವ ಮುನ್ನ ಎಲ್ಲ ಪರಿಚಯಗಳ ಕ್ರಿಯಾಪದಗಳನ್ನಷ್ಟೇ ಮೇಲಿಂದ ಕೆಳಗೆ ಒಮ್ಮೆ ಓದಿಕೊಂಡರೆ ಈ ದೋಷ ಕಣ್ಣಿಗೆ ಬೀಳುತ್ತದೆ. ಪ್ರತಿ ವಾಕ್ಯವನ್ನೂ ‘ಇವರು’ ಎಂದೇ ಶುರು ಮಾಡಬೇಕಾಗಿಯೂ ಇಲ್ಲ. ಕನ್ನಡದ ಕ್ರಿಯಾಪದವೇ ಕರ್ತೃವನ್ನು ಹೊತ್ತಿರುತ್ತದೆ, ಹೆಸರು ಒಮ್ಮೆ ಬಂದರೆ ಸಾಕು.

ಸಮುದಾಯದ ಹೆಸರು ಬೇಕೆ ಎಂಬ ಪ್ರಶ್ನೆಗೂ ಶೀರ್ಷಿಕೆಯೇ ಉತ್ತರ ಕೊಡುತ್ತದೆ. ಕವಂದಿ ಸಿದ್ದಿ ಹೆಣ್ಣುಮಕ್ಕಳ ಕಲೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಮೂವರೂ ಕವಂದಿ ಹೊಲಿಯುತ್ತಾರೆ. ಆದ್ದರಿಂದ ಇಲ್ಲಿ ಸಮುದಾಯದ ಹೆಸರು ಅರ್ಹತೆಯ ಭಾಗ, ಧರ್ಮದ ಹೆಸರು ಅಲ್ಲ. ಅದೇ ಹೆಣ್ಣುಮಗಳು ಸ್ವಸಹಾಯ ಸಂಘಗಳ ಸಾಲದ ವ್ಯವಹಾರದ ಬಗ್ಗೆ ಇನ್ನೊಂದು ಕಡೆ ಮಾತಾಡಲು ಹೋದರೆ ಪರಿಚಯ ಪೂರ್ತಿ ಬೇರೆಯಾಗಬೇಕು:

“—— —— ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿ ಸಮೀಪದವರು. ತಮ್ಮ ಊರಿನ ಸ್ವಸಹಾಯ ಸಂಘಕ್ಕೆ ಮೂರು ವರ್ಷ ಅಧ್ಯಕ್ಷೆಯಾಗಿದ್ದರು. ಗದ್ದೆ ಕೆಲಸದ ಜೊತೆಗೆ ಕವಂದಿ ಹೊಲಿಯುವ ಇವರು ಹದಿನೈದು ಹೆಣ್ಣುಮಕ್ಕಳಿಗೆ ಈ ಕಸುಬು ಕಲಿಸಿದ್ದಾರೆ.”

ಮೊದಲ ಸಲ ಕಸದ ಬುಟ್ಟಿಗೆ ಹೋಗಿದ್ದ ಗದ್ದೆ ಕೆಲಸವೂ ಅಧ್ಯಕ್ಷಗಿರಿಯೂ ಇಲ್ಲಿ ಮುಂದೆ ಬಂದವು. ಅಜ್ಜಿ, ಅಳತೆ, ಪ್ರದರ್ಶನ ಹಿಂದೆ ಸರಿದವು. ಆದ್ದರಿಂದಲೇ ಹಳೆಯ ಪುಸ್ತಿಕೆಯಿಂದ ಪರಿಚಯವನ್ನು ಎತ್ತಿ ಹೊಸದಕ್ಕೆ ಅಂಟಿಸುವುದು ಸರಿಯಲ್ಲ. ಕಳಿಸಿದ ಮೂಲ ಟಿಪ್ಪಣಿಯನ್ನೂ ಎಸೆಯಬಾರದು.

ದೊಡ್ಡ ಹೆಸರುಗಳ ವಿಷಯದಲ್ಲಿ ಈ ಆಯ್ಕೆ ಇನ್ನೂ ಕಷ್ಟ. ನಮ್ಮದೇ ಜಿಲ್ಲೆಯ ತುಳಸಿ ಗೌಡರನ್ನು ತೆಗೆದುಕೊಳ್ಳಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಈ ಹಾಲಕ್ಕಿ ಹಿರಿಯರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರನ್ನು ಸಭೆಗೆ ಪರಿಚಯಿಸುವಾಗ ಮೊದಲು ಪದ್ಮಶ್ರೀ ಬರುತ್ತಿತ್ತು, ಆಮೇಲೆ ನೆಟ್ಟ ಗಿಡಗಳ ಸಂಖ್ಯೆ. ಆ ಸಂಖ್ಯೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು, ಮೂವತ್ತು ಸಾವಿರದಿಂದ ಲಕ್ಷಗಳವರೆಗೆ. ಖಚಿತವಾಗಿ ನಿಲ್ಲಿಸಲಾಗದ ಸಂಖ್ಯೆಯನ್ನು ಅಚ್ಚಿಗೆ ಹಾಕಬಾರದು. ಅದು ಇಲ್ಲದಿದ್ದರೂ ಅವರ ಅರ್ಹತೆಗೆ ಕೊರತೆಯಾಗುವುದಿಲ್ಲ. ಬೀಜ ಸಂಗ್ರಹದ ಬಗ್ಗೆ ಅರಣ್ಯ ಸಿಬ್ಬಂದಿಗೆ ಒಂದು ಗೋಷ್ಠಿ ನಡೆದು ಅದರಲ್ಲಿ ಅವರು ಮಾತಾಡಿದ್ದರೆ ಪುಸ್ತಿಕೆಗೆ ನಾನು ಹೀಗೆ ಬರೆಯುತ್ತಿದ್ದೆ:

“ತುಳಸಿ ಗೌಡ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ, ಮೊದಲು ದಿನಗೂಲಿಯಾಗಿ ಆಮೇಲೆ ಕಾಯಂ ನೌಕರರಾಗಿ, ಬೀಜ ಸಂಗ್ರಹಿಸಿ ಸಸಿ ಬೆಳೆಸಿದರು. ಕಾಡಿನ ತಾಯಿಮರಗಳನ್ನು ಗುರುತಿಸಿ ಅವುಗಳಿಂದ ಬೀಜ ಆಯುವುದರಲ್ಲಿ ನುರಿತವರು. 2020ರ ಪದ್ಮಶ್ರೀ ಪುರಸ್ಕೃತರು.”

ಮೂವತ್ನಾಲ್ಕು ಪದ. ‘ನುರಿತವರು’ ಎಂಬುದನ್ನು ಇಲ್ಲಿ ಉಳಿಸಿಕೊಂಡೆ, ಏಕೆಂದರೆ ಯಾವುದರಲ್ಲಿ ಎಂಬುದು ಅದರ ಹಿಂದೆಯೇ ಇದೆ. ಇವರಿಗೆ 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ಬಂದಿದ್ದವು. ಪರಿಸರ ನೀತಿಯ ಗೋಷ್ಠಿಯಾಗಿದ್ದರೆ ಆ ಎರಡನ್ನೂ ಸೇರಿಸುತ್ತಿದ್ದೆ. ಸರ್ಕಾರವೇ ಯಾವಾಗ ಗುರುತಿಸಿತು ಎಂಬುದು ಅಲ್ಲಿ ವಿಷಯಕ್ಕೆ ಸಂಬಂಧಿಸಿದ್ದು. ಬೀಜ ಆಯುವವರಿಗೆ ಬೇಕಾದದ್ದು ತಾಯಿಮರದ ಸಾಲು.

ಪದ್ಮಶ್ರೀಯನ್ನು ಕೊನೆಯಲ್ಲಿ, ಹೆಸರಿನಿಂದ ದೂರ ಇಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಅವನ್ನು ಸೇರಿಸಿಕೊಳ್ಳುವಂತಿಲ್ಲ. 1995ರಲ್ಲಿ ಬಾಲಾಜಿ ರಾಘವನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೂ ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ‘ಪದ್ಮಶ್ರೀ’ ಎಂದೇ ಹೆಸರು ಶುರುವಾಗುತ್ತದೆ. ‘2020ರ ಪದ್ಮಶ್ರೀ ಪುರಸ್ಕೃತರು’ ಎಂದು ವಾಕ್ಯದೊಳಗೆ ಬಂದರೆ ಯಾವ ತಕರಾರೂ ಇಲ್ಲ. ಇಸವಿಯ ವಿಷಯದಲ್ಲಿ ಎಚ್ಚರ ಬೇಕು. ಅವರ ಹೆಸರು ಘೋಷಣೆಯಾದದ್ದು 2020ರ ಜನವರಿಯಲ್ಲಿ, ರಾಷ್ಟ್ರಪತಿಯವರಿಂದ ಪ್ರಶಸ್ತಿ ಪಡೆದದ್ದು 2021ರ ನವೆಂಬರ್‌ನಲ್ಲಿ. ಪ್ರಶಸ್ತಿಯ ವರ್ಷವೆಂದು ಬರೆಯಬೇಕಾದದ್ದು 2020.

ಇಸವಿ ಹಾಕುವುದರಿಂದ ಇನ್ನೊಂದು ಅನುಕೂಲವಿದೆ. ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಸಿದ್ದಿ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಹೋದ ಮೊದಲಿಗರು ಅವರು. ಅವರನ್ನು ‘ವಿಧಾನ ಪರಿಷತ್ ಸದಸ್ಯರು’ ಎಂದಷ್ಟೇ ಬರೆದರೆ ಅವಧಿ ಮುಗಿದ ದಿನ ಆ ಸಾಲು ಸುಳ್ಳಾಗುತ್ತದೆ. ‘2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಮೊದಲ ಸಿದ್ದಿ’ ಎಂಬುದು ಎಂದಿಗೂ ಹಳತಾಗದು. ಪುಸ್ತಿಕೆ ಅಚ್ಚಾಗುವುದು ಕಾರ್ಯಕ್ರಮಕ್ಕೆ ವಾರಗಳ ಮುಂಚೆ, ಅದು ಗ್ರಂಥಾಲಯದಲ್ಲಿ ಉಳಿಯುವುದು ವರ್ಷಗಟ್ಟಲೆ. ‘ಮೊದಲಿಗರು’ ಎಂಬ ಪದವನ್ನು ಮಾತ್ರ ಸಾರ್ವಜನಿಕ ದಾಖಲೆ ನೋಡದೆ ಬಳಸಬೇಡಿ.

ಪ್ರಾಧ್ಯಾಪಕರ ಚೌಕಕ್ಕೆ ಬಂದರೆ ಅಲ್ಲಿ ಕತ್ತರಿಸುವ ಕೆಲಸ ಬೇರೆ ರೀತಿಯದು. ಹೆನ್ರಿ ಜಾನ್ ಡ್ರೂವಲ್ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರರು. ಅವರು ಹೆಸರು ಮಾಡಿದ್ದು ಪಶ್ಚಿಮ ಆಫ್ರಿಕಾದ ಯೊರುಬಾ ಕಲೆಯ ಅಧ್ಯಯನದಲ್ಲಿ. ಉತ್ತರ ಕನ್ನಡಕ್ಕೆ ಬಂದು ಸಿದ್ದಿ ಹೆಣ್ಣುಮಕ್ಕಳ ಕವಂದಿಗಳ ಬಗ್ಗೆ ಬರೆದು, ಅವನ್ನು ಹೊರದೇಶದ ಪ್ರದರ್ಶನಗಳಿಗೂ ಕೊಂಡೊಯ್ದರು. ಅವರ ಸಾಮಾನ್ಯ ಪರಿಚಯದಲ್ಲಿ ಯೊರುಬಾ ಮೊದಲು ಬಂದು ಹೆಚ್ಚಿನ ಜಾಗ ಹಿಡಿಯುವುದು ಸಹಜ. ಕವಂದಿ ಗೋಷ್ಠಿಯ ಪುಸ್ತಿಕೆಯಲ್ಲಿ ಆ ಕ್ರಮ ತಿರುಗಬೇಕು. ಮೊದಲ ವಾಕ್ಯದಲ್ಲಿ ಹುದ್ದೆ, ಎರಡನೆಯದರಲ್ಲಿ ಕವಂದಿಯ ಕೆಲಸ, ಮೂರನೆಯದರಲ್ಲಿ ಅರ್ಧ ವಾಕ್ಯದಷ್ಟು ಯೊರುಬಾ. ದಶಕಗಳ ಕೆಲಸ ಅರ್ಧ ವಾಕ್ಯಕ್ಕೆ ಇಳಿಯಿತಲ್ಲ ಎಂದು ವಿದ್ವಾಂಸರಿಗೆ ಅನಿಸಬಹುದು. ಆ ಅರ್ಧ ವಾಕ್ಯವನ್ನು ಪೂರ್ತಿ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಆಫ್ರಿಕಾ ಮೂಲದ ಸಮುದಾಯವೊಂದರ ಜವಳಿಯನ್ನು ನೋಡಲು ಅವರಿಗೆ ಕಣ್ಣು ಬಂದದ್ದೇ ಅಲ್ಲಿಂದ. ಪದವಿಗಳಲ್ಲಿ ಅತಿ ಮೇಲಿನದೊಂದು ಸಾಕು. ಪ್ರಕಟಿತ ಲೇಖನಗಳ ಸಂಖ್ಯೆ ಬೇಡ, ವಿಷಯಕ್ಕೆ ಹತ್ತಿರದ ಒಂದು ಪುಸ್ತಕ ಅಥವಾ ಪ್ರದರ್ಶನದ ಹೆಸರು ಸಾಕು.

ಪದ ಎಣಿಸುವ ವಿಷಯದಲ್ಲಿ ಸಂಘಟಕರು ಮೊದಲೇ ನಿರ್ಧರಿಸಬೇಕಾದ ಸಂಗತಿಯೊಂದಿದೆ. ಇಂಗ್ಲಿಷಿನ ಐವತ್ತು ಪದ ಮತ್ತು ಕನ್ನಡದ ಐವತ್ತು ಪದ ಒಂದೇ ಅಲ್ಲ. ನಮ್ಮ ವಿಭಕ್ತಿ, ಕಾಲ, ಬಹುವಚನ ಎಲ್ಲವೂ ಪದಕ್ಕೇ ಅಂಟಿಕೊಂಡಿರುತ್ತವೆ. ‘ಪ್ರದರ್ಶನಗಳಿಗೆ’ ಎಂಬುದನ್ನು ಕಂಪ್ಯೂಟರ್ ಒಂದೇ ಪದ ಎಂದು ಎಣಿಸುತ್ತದೆ. ಮೇಲಿನ ನಲವತ್ತೆರಡು ಪದಗಳ ಕವಂದಿ ಪರಿಚಯವನ್ನು ಏನೂ ಬಿಡದೆ ಇಂಗ್ಲಿಷಿಗೆ ತಂದರೆ ಎಪ್ಪತ್ತು ಪದ ದಾಟುತ್ತದೆ. ಪುಸ್ತಿಕೆ ಎರಡೂ ಭಾಷೆಯಲ್ಲಿದ್ದರೆ ಇಂಗ್ಲಿಷ್ ಪಾಠವನ್ನು ಇನ್ನೊಮ್ಮೆ ಕತ್ತರಿಸಲೇಬೇಕು. ಆಗ ನಾನು ಬಿಡುವುದು ಅಳತೆಗಳ ಸಾಲನ್ನು. ಗೋಷ್ಠಿಗೆ ಬರುವಾಗ ಆಕೆ ಸಣ್ಣದು ದೊಡ್ಡದು ಎರಡನ್ನೂ ತಂದಿರುತ್ತಾರೆ, ಅವು ತಾವೇ ಹೇಳುತ್ತವೆ. ಅಜ್ಜಿಯ ಸಾಲನ್ನೂ ಕಲಿಸಿದ ಸಾಲನ್ನೂ ಬಿಡುವುದಿಲ್ಲ. ಇನ್ನು, ಪದಗಳ ನಡುವಿನ ಜಾಗ ತೆಗೆದು ಎರಡನ್ನು ಒಂದು ಮಾಡಿ ಲೆಕ್ಕ ತಪ್ಪಿಸುವುದರಿಂದ ಉಪಯೋಗವಿಲ್ಲ. ಚೌಕದ ಅಳತೆ ಬದಲಾಗುವುದಿಲ್ಲ, ಪುಟ ಕಟ್ಟುವವರು ಅಕ್ಷರದ ಗಾತ್ರ ಇಳಿಸಬೇಕಾಗುತ್ತದೆ. ನಿರೂಪಕರು ಗಟ್ಟಿಯಾಗಿ ಓದುವಾಗ ಉಸಿರು ಸಿಕ್ಕಿಕೊಳ್ಳುತ್ತದೆ. ಗಡಿಯಾರ ಇಟ್ಟುಕೊಂಡು ಒಮ್ಮೆ ಜೋರಾಗಿ ಓದಿ ನೋಡಿ. ಕನ್ನಡದ ಐವತ್ತು ಪದಕ್ಕೆ ಸುಮಾರು ಅರ್ಧ ನಿಮಿಷ ಹಿಡಿಯಬೇಕು. ಬಹಳ ಹೆಚ್ಚಾದರೆ ವಾಕ್ಯಗಳು ಉದ್ದವಾಗಿವೆ ಎಂದರ್ಥ.

ಕೊನೆಯ ಕೆಲಸ ಫೋನಿನಲ್ಲಿ ಆಗಬೇಕು. ಪ್ರಾಧ್ಯಾಪಕರಿಗೆ ಕರಡನ್ನು ಮೇಲ್ ಮಾಡಿ ಒಪ್ಪಿಗೆ ಕೇಳುತ್ತೇವೆ. ಕವಂದಿ ಹೊಲಿಯುವಾಕೆಗೂ ಕೇಳಬೇಕು. “ಅಕ್ಕಾ, ನಿಮ್ಮ ಬಗ್ಗೆ ಹೀಗೆ ಬರೆದಿದ್ದೇವೆ, ಓದಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ” ಎಂದು ನಿಧಾನವಾಗಿ ಓದಬೇಕು. ಆಕೆ ಮನೆಯಲ್ಲಿ ಕೊಂಕಣಿ ಅಥವಾ ಉರ್ದು ಆಡುವವರಾದರೆ ಅವರ ಮಾತು ಬಲ್ಲವರು ಜೊತೆಗಿರಬೇಕು. ಮುಖ್ಯವಾಗಿ ಕೇಳಬೇಕಾದದ್ದು ಮೂರು ಸಂಗತಿ. ಹೆಸರನ್ನು ಹೇಗೆ ಬರೆಯಬೇಕು, ಸಿದ್ದಿ ಎಂಬುದು ಹೆಸರಿನ ಭಾಗವಾಗಿಯೂ ಬರಬೇಕೋ ಎಂಬುದು ಒಂದು. ಸಮುದಾಯದ ಹೆಸರು ಅಚ್ಚಿನಲ್ಲಿ ಇರಲು ಅವರ ಒಪ್ಪಿಗೆ ಇದೆಯೇ ಎಂಬುದು ಇನ್ನೊಂದು. ಮೂರನೆಯದು, ಹದಿನೈದು ಎಂಬ ಸಂಖ್ಯೆ. ಟಿಪ್ಪಣಿ ಬರೆದುಕೊಂಡ ಮೇಲೆ ಇನ್ನಿಬ್ಬರು ಕಲಿತಿರಬಹುದು, ಆಗ ಅದು ಹದಿನೇಳಾಗಬೇಕು. ತಮ್ಮ ಮಗನ ಹೆಸರೋ ಊರಿನ ದೇವರ ಹೆಸರೋ ಸೇರಬೇಕೆಂದು ಅವರು ಕೇಳಿದರೆ ಏಕೆ ಬಿಟ್ಟಿದ್ದೇವೆ ಎಂದು ವಿವರಿಸಬಹುದು. ಆದರೆ ಅಜ್ಜಿಯ ಹೆಸರನ್ನು ಹಾಕಿ ಎಂದರೆ ಹಾಕಿ. ಉಳಿದಿರುವ ಎಂಟು ಪದಗಳಲ್ಲಿ ಅದಕ್ಕೆ ಜಾಗ ಇದೆ.